ಕೆಂಪು ಪೆನ್ನಿಗೆ ಮೊದಲು ಪೆನ್ಸಿಲ್

ಮೊದಲು ಈ ಪ್ಯಾರಾ ಓದಿ. ತಪ್ಪುಗಳನ್ನು ಇದ್ದ ಹಾಗೆಯೇ ಬಿಟ್ಟಿದ್ದೇನೆ.

“ಬೆಂಗಳೂರು ನಗರದಲ್ಲಿ ಕೆರೆಗಳು ಒಂದು ಪ್ರಮುಖ ಪಾತ್ರವನ್ನು ಆಡುತ್ತಿದ್ದವು. ಹಾದರೆ ಅಭಿವೃದ್ದಿಯ ಹೆಸರಿನಲ್ಲಿ ಅನೇಕ ಕೆರೆಗಳು ಒತ್ತುವರಿ ಮಾಡಲ್ಪಟ್ಟಿವೆ. ಕೆರೆಗಳ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಿವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಬಿಲ್ಡರ್‌ಗಳು ಕೆರೆಗಳನ್ನು ಹೊಟ್ಟೆಗೆ ಹಾಕಿಕೊಂಡರು. ನಗರದ ಮದ್ಯದಲ್ಲಿದ್ದ ಧರ್ಮಾಂಬುದಿ ಕೆರೆ ಈಗ ಬಸ್ ನಿಲ್ದಾಣವಾಗಿದೆ. ಕೆರೆಗಳು ಕಡಿಮೆಯಾದ ಕಾರಣದಿಂದಾಗಿ ಅಂರ್ತಜಲ ಮಟ್ಟವು ಕುಸಿದಿರುವುದರಿಂದ ಜನರು ಟ್ಯಾಂಕರ್ ನೀರಿಗಾಗಿ ಕಾಯಬೇಕಾಗಿದೆ. ಆದ್ದರಿಂದ ಎಲ್ಲರೂ ಟೊಂಕ ಕಟ್ಟಿ ನಿಂತು ಸರ್ಕಾರದ ಬೆನ್ನು ತಟ್ಟಬೇಕು.”

ಬರೆದವನು ತುಮಕೂರು ಕಡೆಯ ಹುಡುಗ. ಎಂಜಿನಿಯರಿಂಗ್ ಮುಗಿಸಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದಾನೆ. ಮನೆಮಾತು ಕನ್ನಡ, ಹತ್ತನೆಯ ತರಗತಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಆಮೇಲೆ ಕನ್ನಡದಲ್ಲಿ ಪುಟಗಟ್ಟಲೆ ಬರೆಯುವ ಪ್ರಸಂಗವೇ ಅವನಿಗೆ ಬರಲಿಲ್ಲ. ಈಗ ಮುಖ್ಯ ಪರೀಕ್ಷೆಯ ಭಾರತೀಯ ಭಾಷಾ ಪತ್ರಿಕೆ ಎದುರಿಗೆ ನಿಂತಿದೆ. ಅದು 300 ಅಂಕಗಳ, ಮೂರು ಗಂಟೆಯ ಪತ್ರಿಕೆ. ಅದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಶೇಕಡಾ 25, ಅಂದರೆ 75 ಅಂಕ ಬಂದರೆ ಸಾಕು. ಬಾರದಿದ್ದರೆ ಮಾತ್ರ ಉಳಿದ ಪತ್ರಿಕೆಗಳಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಅದು ಲೆಕ್ಕಕ್ಕಿಲ್ಲ. ಆ 300ರಲ್ಲಿ ಪ್ರಬಂಧವೊಂದಕ್ಕೇ 100 ಅಂಕ. ಕೊಟ್ಟ ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು 600 ಪದಗಳಲ್ಲಿ ಬರೆಯಬೇಕು. ಇವನು ಅಭ್ಯಾಸಕ್ಕೆಂದು ‘ನಗರೀಕರಣ ಮತ್ತು ಜಲಮೂಲಗಳು’ ಎಂಬ ವಿಷಯ ತೆಗೆದುಕೊಂಡು ಬರೆದು ತಂದಿದ್ದ. ಮೇಲಿನದು ಅದರ ಎರಡನೆಯ ಪ್ಯಾರಾ.

“ಸರ್, ಕಾಗುಣಿತ ಒಂದು ನೋಡಿಬಿಡಿ, ಮಿಕ್ಕಿದ್ದು ಪರವಾಗಿಲ್ಲ ಅನ್ಸುತ್ತೆ,” ಅಂದ.

ಬಹಳಷ್ಟು ಜನ ಕೇಳುವುದು ಇದನ್ನೇ. ತಿದ್ದುವವರೂ ಸಾಮಾನ್ಯವಾಗಿ ಇದನ್ನೇ ಮಾಡುತ್ತಾರೆ. ಕೆಂಪು ಪೆನ್ನು ಕೈಗೆ ಬಂದ ಕೂಡಲೇ ಒತ್ತಕ್ಷರ, ದೀರ್ಘ, ಮಹಾಪ್ರಾಣಗಳ ಬೇಟೆ ಶುರು. ಹತ್ತು ನಿಮಿಷದಲ್ಲಿ ಹಾಳೆ ತುಂಬ ಸುತ್ತು, ಗೀಟು. ಆ ಹೊತ್ತಿಗೆ ಇಡೀ ಪ್ರಬಂಧ ಏನು ಹೇಳುತ್ತಿದೆ ಎಂಬುದು ತಿದ್ದುವವರ ತಲೆಯಲ್ಲಿ ಇರುವುದಿಲ್ಲ. ಕಾಗುಣಿತ ಕಡೆಗೆ ಬರಬೇಕು. ಅದಕ್ಕೆ ಕಾರಣ ಸರಳ: ಮೊದಲ ಓದಿನಲ್ಲಿ ಒಂದು ಪ್ಯಾರಾವನ್ನೇ ತೆಗೆದುಹಾಕಬೇಕು ಎಂದು ಗೊತ್ತಾದರೆ ಅದರೊಳಗಿನ ಅಕ್ಷರ ತಿದ್ದಿದ್ದು ವ್ಯರ್ಥ. ನಾನು ಮೂರು ಸಲ ಓದುತ್ತೇನೆ, ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಮಾತ್ರ ಇರುತ್ತದೆ.

ಪೆನ್ಸಿಲ್‌ನ ಕೆಲಸ ಒಂದೇ. ಒಂದೊಂದು ಪ್ಯಾರಾ ಓದಿ ಮುಗಿಸಿದ ಮೇಲೆ ಅಂಚಿನಲ್ಲಿ ಅದರ ಸಾರವನ್ನು ನಾಲ್ಕೈದು ಪದದಲ್ಲಿ ಬರೆಯಬೇಕು. ಪ್ಯಾರಾದ ವಿಷಯ ಯಾವುದು ಎಂದಲ್ಲ, ಆ ಪ್ಯಾರಾ ಏನು ಹೇಳಿತು ಎಂದು. ‘ಒತ್ತುವರಿ’ ಎಂದು ಬರೆದರೆ ಉಪಯೋಗವಿಲ್ಲ, ‘ಒತ್ತುವರಿಯಿಂದ ಕೆರೆ ಹೋಯಿತು’ ಎಂದು ಬರೆಯಬೇಕು. ಹಾಗೆ ಬರೆಯಲು ಬಾರದಿದ್ದರೆ ಆ ಪ್ಯಾರಾದಲ್ಲಿ ಹೇಳಿಕೆಯೇ ಇಲ್ಲ ಎಂದರ್ಥ. ಈ ಹುಡುಗನ ಎಂಟು ಪ್ಯಾರಾಗಳ ಅಂಚು ಹೀಗಿತ್ತು: ನೀರು ಜೀವಾಧಾರ, ಒತ್ತುವರಿಯಿಂದ ಕೆರೆ ಹೋಯಿತು ಮತ್ತು ನೀರಿಲ್ಲ, ಕೊಳಚೆ ಸೇರಿ ಕೆರೆ ಕೆಟ್ಟಿತು, ಸರ್ಕಾರದ ಯೋಜನೆಗಳು ಇವೆ, ಒತ್ತುವರಿಯಿಂದ ಕೆರೆ ಹೋಯಿತು, ಮಳೆ ಬಂದರೆ ಬಡಾವಣೆ ಮುಳುಗುತ್ತದೆ, ಗಿಡ ನೆಡಬೇಕು ಹಾಗೂ ಜಾಗೃತಿ ಮೂಡಬೇಕು, ನೀರು ಜೀವಾಧಾರ.

ಅಂಚನ್ನಷ್ಟೇ ಮೇಲಿನಿಂದ ಕೆಳಗೆ ಓದಿದರೆ ರೋಗ ಎಲ್ಲಿದೆ ಎಂದು ಕಾಣುತ್ತದೆ. ಎರಡನೆಯದೂ ಐದನೆಯದೂ ಒಂದೇ ಮಾತು. ಅವನಿಗೆ ಅದು ಗೊತ್ತೇ ಇರಲಿಲ್ಲ, ಏಕೆಂದರೆ ಎರಡನೆಯ ಪ್ಯಾರಾದಲ್ಲಿ ಕೆರೆ ಎಂದಿದ್ದವನು ಐದನೆಯದರಲ್ಲಿ ಜಲಮೂಲ ಎಂದಿದ್ದ. ಪದ ಬದಲಾದರೆ ವಿಷಯವೂ ಹೊಸದಾಯಿತು ಎಂಬ ಭ್ರಮೆ ಬರೆಯುವಾಗ ಎಲ್ಲರಿಗೂ ಆಗುವಂಥದ್ದೇ. ಇನ್ನೊಂದು, ಎರಡನೆಯ ಪ್ಯಾರಾದಲ್ಲೇ ಕಾರಣವೂ ಬಂತು, ಪರಿಣಾಮವೂ ಬಂತು, ಪರಿಹಾರದ ಕರೆಯೂ ಬಂತು. ಪ್ರಬಂಧ ಅಲ್ಲಿಗೇ ಮುಗಿದುಹೋಯಿತು. ಉಳಿದ ಆರು ಪ್ಯಾರಾ ಅದನ್ನೇ ಎಳೆದಾಡಿದವು.

ಎಲ್ಲಕ್ಕಿಂತ ದೊಡ್ಡ ದೋಷ ಏಳನೆಯದರಲ್ಲಿದೆ. ಕೆರೆ ಹಾಳಾಗಲು ಅವನೇ ಕೊಟ್ಟ ಕಾರಣಗಳು ಎರಡು: ಒತ್ತುವರಿ ಮತ್ತು ಕೊಳಚೆ. ಪರಿಹಾರವೆಂದು ಹೇಳಿದ್ದು ಗಿಡ ನೆಡುವುದು, ಜಾಗೃತಿ ಮೂಡಿಸುವುದು. ಗಿಡ ನೆಟ್ಟರೆ ಒತ್ತುವರಿ ತೆರವಾಗುತ್ತದೆಯೇ? ರಚನೆ ಪರೀಕ್ಷಿಸುವ ಅತ್ಯಂತ ಸುಲಭದ ಮಾರ್ಗ ಇದೇ. ಕಾರಣಗಳನ್ನು ಎಡಕ್ಕೆ ಬರೆದು, ಪರಿಹಾರಗಳನ್ನು ಬಲಕ್ಕೆ ಬರೆದು ಗೆರೆ ಎಳೆಯಿರಿ. ಜೋಡಿ ಸಿಗದ ಕಾರಣ ಉಳಿದರೆ ಪ್ರಬಂಧ ಅರ್ಧಂಬರ್ಧ, ಜೋಡಿ ಸಿಗದ ಪರಿಹಾರ ಉಳಿದರೆ ಅದು ಬೇರೆ ಪ್ರಬಂಧದ್ದು. ‘ಜಾಗೃತಿ ಮೂಡಿಸಬೇಕು’ ಎಂಬ ವಾಕ್ಯವಂತೂ ಬಾಲ್ಯವಿವಾಹದಿಂದ ಹಿಡಿದು ಪ್ಲಾಸ್ಟಿಕ್‌ವರೆಗೆ ಎಲ್ಲ ಪ್ರಬಂಧಕ್ಕೂ ಹೊಂದುತ್ತದೆ. ಮೌಲ್ಯಮಾಪಕರು ಅದನ್ನು ಅಂದು ಎಷ್ಟನೆಯ ಸಲ ಓದುತ್ತಿರುತ್ತಾರೋ.

ಶಾಲೆಯಲ್ಲಿ ನಮಗೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿಸುತ್ತಾರೆ. ಎಷ್ಟೋ ಮಕ್ಕಳು ಅವನ್ನೇ ಶೀರ್ಷಿಕೆಯಾಗಿ ಬರೆದು ಕೆಳಗೆ ಗೀಟು ಹಾಕುತ್ತಾರೆ. ಹತ್ತನೆಯ ತರಗತಿಗೆ ಅದು ಸರಿಯೇ, ಮಕ್ಕಳಿಗೊಂದು ಹಿಡಿತ ಸಿಗುತ್ತದೆ. ಆದರೆ 600 ಪದದ ಪ್ರಬಂಧಕ್ಕೆ ಈ ಮೂರು ಡಬ್ಬಿ ಸಾಲದು. ನಡುವಿನ ಡಬ್ಬಿಯೊಳಗೆ ಏನು ಮೊದಲು, ಏನು ಆಮೇಲೆ ಎಂಬುದನ್ನು ಅವು ಹೇಳುವುದಿಲ್ಲ. ಈ ವಿಷಯಕ್ಕೆ ಸಹಜವಾದ ಸಾಲು ಬೇರೆ ಇದೆ: ಕೆರೆ ಹೇಗೆ ಕೆಲಸ ಮಾಡುತ್ತಿತ್ತು, ಅದು ಎಲ್ಲಿ ತಪ್ಪಿತು, ತಪ್ಪಿದ್ದರಿಂದ ಊರಿಗೆ ಏನಾಯಿತು, ಈಗ ಏನು ಸರಿಪಡಿಸಬಹುದು. ಮೊದಲ ಭಾಗ ಅವನಲ್ಲಿ ಇರಲೇ ಇಲ್ಲ. ‘ಪ್ರಮುಖ ಪಾತ್ರ’ ಎಂದವನು ಯಾವ ಪಾತ್ರ ಎಂದು ಹೇಳಲಿಲ್ಲ.

“ನಿಮ್ಮೂರಲ್ಲಿ ಕೆರೆ ತುಂಬಿದರೆ ನೀರು ಎಲ್ಲಿಗೆ ಹೋಗುತ್ತಪ್ಪ?” ಎಂದು ಕೇಳಿದೆ.

“ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋಗುತ್ತೆ ಸರ್. ತೂಬು ಎತ್ತಿದರೆ ಗದ್ದೆಗೆ.”

“ಅದನ್ನ ಯಾಕೆ ಬರೀಲಿಲ್ಲ?”

“ಅದು ಹಳ್ಳಿ ಮಾತು ಅಲ್ವಾ ಸರ್…”

ಕೋಡಿ, ತೂಬು, ಏರಿ, ಅಂಗಳ, ಹೂಳು, ರಾಜಕಾಲುವೆ – ಕೆರೆಯ ಬಗ್ಗೆ ಬರೆಯುವ ಪ್ರಬಂಧಕ್ಕೆ ಇವೇ ಬೇಕಾದ ಪದಗಳು. ಬೆಂಗಳೂರಿನ ಕೆರೆಗಳೂ ಹೀಗೆಯೇ ಸರಪಳಿಯಾಗಿ ಕಟ್ಟಿದವು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರಬೇಕು. ನಡುವಿನ ಕಾಲುವೆ ಮುಚ್ಚಿದರೆ ಬೇಸಿಗೆಯಲ್ಲಿ ಕೆಳಗಿನ ಕೆರೆ ಒಣಗುತ್ತದೆ, ಮಳೆಗಾಲದಲ್ಲಿ ನಡುವಿನ ಬಡಾವಣೆ ಮುಳುಗುತ್ತದೆ. ನೋಡಿ, ಇಷ್ಟು ಹೇಳಿದರೆ ಅವನ ಎರಡನೆಯ ಮತ್ತು ಆರನೆಯ ಪ್ಯಾರಾ ತಾನಾಗಿಯೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬರವೂ ನೆರೆಯೂ ಒಂದೇ ಕಾರಣದ ಎರಡು ಮುಖ ಎಂಬುದು ಪ್ರಬಂಧದ ಬೆನ್ನೆಲುಬಾಗುತ್ತದೆ. ಪರಿಹಾರಕ್ಕೂ ಗಿಡ ಹುಡುಕಿಕೊಂಡು ಹೋಗಬೇಕಾಗಿಲ್ಲ: ಕಾಲುವೆ ಬಿಡಿಸಬೇಕು, ಕೊಳಚೆ ನೀರನ್ನು ಶುದ್ಧೀಕರಿಸದೆ ಕೆರೆಗೆ ಬಿಡಬಾರದು.

ಪದಮಿತಿಯನ್ನೂ ಈ ಮೊದಲ ಓದಿನಲ್ಲೇ ನೋಡಿಕೊಳ್ಳಬೇಕು. ಉತ್ತರ ಹೇಳಿದ್ದಕ್ಕಿಂತ ತೀರಾ ಉದ್ದವಾದರೆ ಅಥವಾ ತೀರಾ ಚಿಕ್ಕದಾದರೆ ಅಂಕ ಕಳೆಯಬಹುದು ಎಂದು ಪ್ರಶ್ನೆಪತ್ರಿಕೆಯ ಮೇಲೇ ಇರುತ್ತದೆ. ಪ್ರತಿ ಪದ ಎಣಿಸುತ್ತಾ ಕೂರಬೇಕಾಗಿಲ್ಲ. ಮೂರು ತುಂಬು ಸಾಲುಗಳ ಪದ ಎಣಿಸಿ, ಸರಾಸರಿ ತೆಗೆದು, ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು. ಕನ್ನಡದಲ್ಲಿ ಪದಗಳು ಉದ್ದ. ‘ಬರೆಯಬೇಕಾಗಿದ್ದರಿಂದ’ ಎಂಬುದೆಲ್ಲ ಒಂದೇ ಪದ. ಹಾಗಾಗಿ ಸಾಮಾನ್ಯ ಕೈಬರಹದಲ್ಲಿ ಸಾಲಿಗೆ ಐದಾರು ಪದಕ್ಕಿಂತ ಹೆಚ್ಚು ಕೂರುವುದಿಲ್ಲ, 600 ಪದವೆಂದರೆ 100 ಸಾಲಿನ ಮೇಲೆಯೇ ಆಗುತ್ತದೆ. ಇಂಗ್ಲಿಷಿನ ಅಂದಾಜಿನಲ್ಲಿ ಎರಡೂವರೆ ಪುಟಕ್ಕೆ ನಿಲ್ಲಿಸುವವರು ಇಲ್ಲಿ ಏಟು ತಿನ್ನುತ್ತಾರೆ. ಇವನದು ಉಲ್ಟಾ. ನೀರು ಜೀವಾಧಾರ ಎಂಬ ಪೀಠಿಕೆಯೇ ಒಂದು ಪುಟ ನುಂಗಿತ್ತು.

ಎರಡನೆಯ ಓದು ನುಡಿಗಟ್ಟು, ಗಾದೆ ಮತ್ತು ವಾಕ್ಯದ ಕನ್ನಡತನಕ್ಕೆ. ನುಡಿಗಟ್ಟು ಹಾಕಿದರೆ ಅಂಕ ಬರುತ್ತದೆ ಎಂದು ಯಾರೋ ಹೇಳಿರುತ್ತಾರೆ. ಅದೇ ಪತ್ರಿಕೆಯಲ್ಲಿ ಪದಬಳಕೆಗೆ ಬೇರೆಯೇ 40 ಅಂಕ ಇರುವುದರಿಂದ ಮಕ್ಕಳು ನುಡಿಗಟ್ಟಿನ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೂ ಇರುತ್ತಾರೆ. ಕಲಿತದ್ದನ್ನೆಲ್ಲ ಪ್ರಬಂಧಕ್ಕೆ ಸುರಿಯುವುದು ಅಲ್ಲಿಂದ ಶುರು. ತಿದ್ದುವಾಗ ಪ್ರತಿ ನುಡಿಗಟ್ಟಿಗೂ ಮೂರು ಪ್ರಶ್ನೆ ಕೇಳಬೇಕು. ಇದರ ಅರ್ಥ ಇವನು ತಿಳಿದದ್ದೇ ಹೌದೇ? ಗಾದೆಯೊಳಗಿನ ಪಾತ್ರಗಳಿಗೆ ಈ ವಾಕ್ಯದಲ್ಲಿ ಜನ ಸಿಗುತ್ತಾರೆಯೇ? ಇದನ್ನು ತೆಗೆದರೆ ಮಾತು ಕುಂದುತ್ತದೆಯೇ?

‘ಹೊಟ್ಟೆಗೆ ಹಾಕಿಕೊಂಡರು’ ಮೊದಲ ಪ್ರಶ್ನೆಯಲ್ಲೇ ಬೀಳುತ್ತದೆ. ಹುಡುಗನ ಮನಸ್ಸಿನಲ್ಲಿದ್ದದ್ದು ಕಬಳಿಸಿದರು ಎಂದು. ಆದರೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದೆಂದರೆ ಕ್ಷಮಿಸುವುದು. ‘ಏನೋ ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಎಂದು ಹಿರಿಯರ ಮುಂದೆ ಹೇಳುತ್ತೇವಲ್ಲ, ಅದು. ಈ ವಾಕ್ಯದ ಪ್ರಕಾರ ಬಿಲ್ಡರ್‌ಗಳು ಕೆರೆಗಳನ್ನು ಕ್ಷಮಿಸಿಬಿಟ್ಟರು! ಅವನಿಗೆ ಬೇಕಿದ್ದದ್ದು ‘ನುಂಗಿ ನೀರು ಕುಡಿದರು’. ಗುರುತೂ ಉಳಿಯದಂತೆ ಕಬಳಿಸಿದರು ಎಂಬ ಅರ್ಥ ಅದಕ್ಕಿದೆ, ಕೆರೆಯ ವಿಚಾರಕ್ಕೆ ನೀರೂ ಒದಗಿ ಬರುತ್ತದೆ.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬುದು ಎರಡನೆಯ ಪ್ರಶ್ನೆಯಲ್ಲಿ ಬೀಳುತ್ತದೆ. ಅದರ ಅರ್ಥ ಅವನಿಗೆ ಚೆನ್ನಾಗಿಯೇ ಗೊತ್ತು: ಕಾಯಬೇಕಾದವರೇ ಕೊಳ್ಳೆ ಹೊಡೆಯುವುದು. ಆದರೆ ಇಲ್ಲಿ ಬೇಲಿ ಯಾರು? ಬಿಲ್ಡರ್‌ಗಳು ಕೆರೆಯನ್ನು ಕಾಯುವವರಲ್ಲ. ಅವರು ಹೊರಗಿನಿಂದ ನುಗ್ಗಿದ ದನ. ಕೆರೆ ಕಾಯಬೇಕಾದ ಅಧಿಕಾರಿಗಳೇ ಶಾಮೀಲಾದರು ಎಂಬ ವಾಕ್ಯ ಹಿಂದೆಯೋ ಮುಂದೆಯೋ ಇದ್ದಿದ್ದರೆ ಗಾದೆ ಕಚ್ಚಿಕೊಂಡು ಕೂರುತ್ತಿತ್ತು. ಗಾದೆಯ ಒಳಗೊಂದು ಪುಟ್ಟ ಕಥೆ ಇರುತ್ತದೆ. ಆ ಕಥೆಯ ಬೇಲಿ, ಹೊಲ ಎರಡಕ್ಕೂ ಪ್ರಬಂಧದಲ್ಲಿ ಹೆಸರು ಸಿಗದಿದ್ದರೆ ಗಾದೆ ಬರೀ ಅಲಂಕಾರ. ಈ ಥರದ ತಪ್ಪನ್ನು ಪದಕೋಶ ಹಿಡಿದುಕೊಡುವುದಿಲ್ಲ, ತಿದ್ದುವವರೇ ನಿಂತು ಯೋಚಿಸಬೇಕು.

ಕೊನೆಯ ವಾಕ್ಯ ಇನ್ನೂ ಸ್ವಾರಸ್ಯದ್ದು. ‘ಟೊಂಕ ಕಟ್ಟಿ ನಿಂತು ಬೆನ್ನು ತಟ್ಟಬೇಕು.’ ಟೊಂಕ ಕಟ್ಟುವುದು ದುಡಿಮೆಗೆ ಸಿದ್ಧವಾಗುವುದು. ಬೆನ್ನು ತಟ್ಟುವುದು ಶಾಬಾಸ್ ಎನ್ನುವುದು. ಶಾಬಾಸ್ ಎನ್ನಲು ಟೊಂಕ ಕಟ್ಟಬೇಕಾದ ಅಗತ್ಯವಿಲ್ಲ. ಅದೂ ಅಲ್ಲದೆ ಕೆರೆಯನ್ನು ಬಸ್ ನಿಲ್ದಾಣ ಮಾಡಿದ್ದನ್ನು ಆಕ್ಷೇಪಿಸಿದ ಪ್ಯಾರಾವೇ ಸರ್ಕಾರದ ಬೆನ್ನು ತಟ್ಟಲು ಹೊರಟಿದೆ. ಅವನಿಗೆ ಬೇಕಾಗಿದ್ದದ್ದು ‘ಬೆನ್ನಿಗೆ ನಿಲ್ಲಬೇಕು’ ಅಥವಾ ಬರೀ ‘ಸಹಕರಿಸಬೇಕು’. ಇನ್ನೂ ನಿಜ ಹೇಳಬೇಕೆಂದರೆ ಆ ವಾಕ್ಯವೇ ಬೇಡ. ಪರಿಹಾರದ ಮಾತು ಎರಡನೆಯ ಪ್ಯಾರಾಕ್ಕೆ ಸೇರಿದ್ದಲ್ಲ ಎಂದು ಪೆನ್ಸಿಲ್ ಆಗಲೇ ಹೇಳಿದೆ.

ಎಷ್ಟು ನುಡಿಗಟ್ಟು ಇರಬಹುದು? ಇದಕ್ಕೆ ಕಾನೂನಿಲ್ಲ. ನನ್ನ ಮಟ್ಟಿಗೆ 600 ಪದಕ್ಕೆ ಮೂರು ನಾಲ್ಕು ಧಾರಾಳವಾಯಿತು, ಒಂದು ಪ್ಯಾರಾದಲ್ಲಿ ಎರಡು ಬಂದರೆ ಒಂದನ್ನು ತೆಗೆಸುತ್ತೇನೆ. ಒಂದು ವಾಕ್ಯದಲ್ಲಿ ಎರಡು ಬಂದರೆ ಎರಡನ್ನೂ ಅನುಮಾನಿಸುತ್ತೇನೆ.

ನುಡಿಗಟ್ಟಿಗಿಂತ ಹೆಚ್ಚಿನ ತೊಂದರೆ ಇರುವುದು ವಾಕ್ಯದ ಮೈಕಟ್ಟಿನಲ್ಲಿ. ‘ಪಾತ್ರವನ್ನು ಆಡುತ್ತಿದ್ದವು’ ಎಂಬ ವಾಕ್ಯ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡದ ಅಂಗಿ ತೊಟ್ಟುಕೊಂಡು ಬಂದದ್ದು. ಕನ್ನಡದಲ್ಲಿ ಪಾತ್ರ ವಹಿಸುತ್ತಾರೆ, ಆಟ ಆಡುತ್ತಾರೆ. ‘ಒತ್ತುವರಿ ಮಾಡಲ್ಪಟ್ಟಿವೆ’ ಎಂಬುದೂ ಅದೇ ಜಾತಿ. ‘ಒತ್ತುವರಿಯಾಗಿವೆ’ ಎಂದರೆ ಮುಗಿಯಿತು. ಹೊಸಬರಿಗೆ ನಾನು ಹೇಳುವ ಉಪಾಯ ಇಷ್ಟೇ: ಉತ್ತರದಲ್ಲಿ ‘ಲ್ಪಟ್ಟ’ ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನಿಂತು, ಅದನ್ನೇ ಮನೆಯಲ್ಲಿ ಅಮ್ಮನಿಗೆ ಹೇಳುವುದಾದರೆ ಹೇಗೆ ಹೇಳುತ್ತೀರಿ ಎಂದು ಕೇಳಿಕೊಳ್ಳಿ. ಹತ್ತರಲ್ಲಿ ಒಂಬತ್ತು ಸಲ ಆ ‘ಲ್ಪಟ್ಟ’ ಉದುರಿಹೋಗುತ್ತದೆ.

‘ಕೆರೆಗಳ ಸಂಖ್ಯೆ ಕಡಿಮೆಯಾಗುತ್ತಿವೆ’ ಎಂಬುದು ಇನ್ನೊಂದು ಬಗೆಯ ಎಡವಟ್ಟು. ಬರೆಯುವವನ ಕಣ್ಣು ‘ಕೆರೆಗಳ’ ಮೇಲಿತ್ತು, ಹಾಗಾಗಿ ಕ್ರಿಯಾಪದ ಬಹುವಚನಕ್ಕೆ ಜಾರಿತು. ಆದರೆ ಕಡಿಮೆಯಾದದ್ದು ಸಂಖ್ಯೆ, ಅದು ಒಂದೇ. ‘ಕಡಿಮೆಯಾಗುತ್ತಿದೆ’ ಎಂದಾಗಬೇಕು. ಇದನ್ನು ಹಿಡಿಯಲು ವಾಕ್ಯವನ್ನು ಹಿಂದಿನಿಂದ ಓದಬೇಕು. ಕ್ರಿಯಾಪದಕ್ಕೆ ಬೆರಳಿಟ್ಟು ‘ಏನು?’ ಎಂದು ಕೇಳಿ, ಉತ್ತರವಾಗಿ ಬಂದ ಪದದ ವಚನ ನೋಡಿ. ಉದ್ದ ವಾಕ್ಯಗಳಲ್ಲಿ ಈ ತಪ್ಪು ಹೆಚ್ಚು. ಟ್ಯಾಂಕರ್ ನೀರಿನ ವಾಕ್ಯವನ್ನೇ ನೋಡಿ: ‘ಕಾರಣದಿಂದಾಗಿ’ ಒಂದು, ‘ಕುಸಿದಿರುವುದರಿಂದ’ ಇನ್ನೊಂದು. ಕಾರಣದ ಮೇಲೆ ಕಾರಣ ಹೇರಿ ಓದುಗರ ಉಸಿರು ಕಟ್ಟಿಸಿದ್ದಾನೆ. ‘ಕೆರೆಗಳು ಕಡಿಮೆಯಾದಂತೆ ಅಂತರ್ಜಲ ಕುಸಿಯಿತು. ಜನ ಟ್ಯಾಂಕರ್ ನೀರಿಗೆ ಕಾಯುವಂತಾಯಿತು’ ಎಂದು ಎರಡಾಗಿ ಮುರಿದರೆ ಅರ್ಥವೇನೂ ಸೋರಿಹೋಗುವುದಿಲ್ಲ.

ಇಷ್ಟಾದ ಮೇಲೆ ಕೆಂಪು ಪೆನ್ನು. ಕನ್ನಡವನ್ನು ಉಚ್ಚರಿಸಿದಂತೆ ಬರೆಯುತ್ತೇವೆ ಎಂಬ ಮಾತು ಅರ್ಧ ಮಾತ್ರ ನಿಜ. ಬರೆದಂತೆ ಎಲ್ಲರೂ ಉಚ್ಚರಿಸುವುದಿಲ್ಲ, ಕಾಗುಣಿತದ ತಪ್ಪುಗಳೆಲ್ಲ ಆ ಸಂದಿನಲ್ಲೇ ಹುಟ್ಟುತ್ತವೆ. ತಪ್ಪು ನೋಡಿದರೆ ಬರೆದವನ ಊರು ಹೇಳಬಹುದು. ಹಳೇ ಮೈಸೂರಿನ ಕಡೆ ಆಡುಮಾತಿನಲ್ಲಿ ಹಕಾರ ಬೀಳುತ್ತದೆ, ಹಾಲು ಆಲಾಗುತ್ತದೆ. ಇದು ತಪ್ಪೆಂದು ಶಾಲೆಯಲ್ಲಿ ಗದರಿಸಿಕೊಂಡ ಹುಡುಗ ಬರೆಯುವಾಗ ಇಲ್ಲದ ಕಡೆಯೂ ಹಕಾರ ಅಂಟಿಸುತ್ತಾನೆ. ‘ಆದರೆ’ ಎಂಬುದು ‘ಹಾದರೆ’ ಆದದ್ದು ಹೀಗೆ. ಉತ್ತರ ಕರ್ನಾಟಕದವರ ಹಾಳೆಯಲ್ಲಿ ಈ ತಪ್ಪು ಅಪರೂಪ. ಅಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಕೆರಿ, ಮಳಿ, ಮನಿ. ಮಾತಿನಲ್ಲಿ ಇವೆರಡೂ ತಪ್ಪಲ್ಲ. ಪರೀಕ್ಷೆ ಬೇಡುವ ಬರವಣಿಗೆಯ ಕನ್ನಡದಲ್ಲಿ ಮಾತ್ರ ತಿದ್ದಬೇಕು. ತಿದ್ದುವಾಗ ಆ ವ್ಯತ್ಯಾಸವನ್ನು ಹೇಳಿದರೆ ಮಕ್ಕಳು ತಮ್ಮ ಊರ ಮಾತಿಗೆ ನಾಚಿಕೊಳ್ಳುವುದಿಲ್ಲ, ತಪ್ಪೂ ಬೇಗ ಹೋಗುತ್ತದೆ.

ಮಹಾಪ್ರಾಣಕ್ಕೆ ಕಿವಿಯನ್ನು ನಂಬುವಂತಿಲ್ಲ. ದಿನದ ಮಾತಿನಲ್ಲಿ ನಾವು ಯಾರೂ ಅಭಿವೃದ್ಧಿಯ ಧಕಾರವನ್ನು ಒತ್ತಿ ಹೇಳುವುದಿಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಪದದ ನೆಂಟರು. ವೃದ್ಧ, ವೃದ್ಧಿ, ಅಭಿವೃದ್ಧಿ ಒಂದೇ ಮನೆಯವು. ಒಂದಕ್ಕೆ ‘ದ್ಧ’ ಇದ್ದರೆ ಎಲ್ಲಕ್ಕೂ ಇದೆ. ಅಂಬುಧಿಗೆ ಜಲಧಿ, ವಾರಿಧಿ ಸಂಬಂಧಿಗಳು, ಮೂರರಲ್ಲೂ ಕೊನೆಗೆ ‘ಧಿ’. ಹಾಗಾಗಿ ಧರ್ಮಾಂಬುದಿ ಅಲ್ಲ, ಧರ್ಮಾಂಬುಧಿ. ಅಚ್ಚಗನ್ನಡದ ಎದ್ದ, ಗೆದ್ದ, ಮುದ್ದೆಗಳಿಗೆ ಮಹಾಪ್ರಾಣ ಬೇಡ. ಬುದ್ಧಿ, ಶುದ್ಧ, ಯುದ್ಧ, ಸಿದ್ಧಗಳಿಗೆ ಬೇಕು. ಸಂಸ್ಕೃತದಿಂದ ಬಂದದ್ದಕ್ಕೆಲ್ಲ ಬೇಕು ಎಂದುಕೊಂಡು ‘ಉದ್ಧೇಶ’ ಎಂದು ಬರೆಯುವವರಿದ್ದಾರೆ, ಅದು ಉದ್ದೇಶವೇ. ಜವಾಬಿನಿಂದ ಬಂದ ಜವಾಬ್ದಾರಿಗೂ ಮಹಾಪ್ರಾಣವಿಲ್ಲ. ಆದರೂ ‘ಜವಾಬ್ಧಾರಿ’ ಎಂದು ಕಚೇರಿ ಫಲಕಗಳಲ್ಲೂ ಕಾಣುತ್ತದೆ.

‘ನಗರದ ಮದ್ಯದಲ್ಲಿದ್ದ’ ಎಂಬುದನ್ನು ನಾನು ಬೇರೆಯಾಗಿ ಗುರುತು ಮಾಡುತ್ತೇನೆ. ಅಭಿವೃದ್ದಿ ಎಂದು ಬರೆದರೆ ಅಕ್ಷರ ತಪ್ಪುತ್ತದೆ, ಅರ್ಥ ಕೆಡುವುದಿಲ್ಲ. ಮಧ್ಯ ಮದ್ಯವಾದರೆ ಕೆರೆ ಹೆಂಡದಲ್ಲಿ ಮುಳುಗುತ್ತದೆ. ‘ಹಾದರೆ’ಯೂ ಇದೇ ಗುಂಪು. ದಾಟಿ ಹೋದರೆ ಎಂಬ ಅರ್ಥದಲ್ಲಿ ಅಂಥ ಪದ ಇರುವುದರಿಂದ ಕಣ್ಣು ಎಡವದೆ ಮುಂದೆ ಹೋಗಿಬಿಡುತ್ತದೆ. ತಪ್ಪಾಗಿ ಬರೆದದ್ದು ಇನ್ನೊಂದು ಸರಿಯಾದ ಪದವೇ ಆಗಿಬಿಡುವ ಕಡೆ ಹೆಚ್ಚು ಎಚ್ಚರ ಬೇಕು.

ಇನ್ನು ಅಂರ್ತಜಲ. ಇದು ಅರ್ಕಾವೊತ್ತಿನ ತಪ್ಪು, ಓದಿಕೊಂಡವರೂ ಮಾಡುವಂಥದ್ದು. ರಕಾರ ಮೊದಲು ಉಚ್ಚಾರವಾದರೂ ಅದರ ಗುರುತನ್ನು ಮುಂದಿನ ಅಕ್ಷರ ಬರೆದ ಮೇಲೆ ಅದರ ಪಕ್ಕಕ್ಕೆ ಹಾಕುತ್ತೇವೆ. ‘ಅಂತರ್ + ಜಲ’ ಎಂದು ಬಿಡಿಸಿದರೆ ರಕಾರ ತಕಾರದ ಆಚೆಗಿದೆ, ಜಕಾರದ ಈಚೆಗಿದೆ. ಆದ್ದರಿಂದ ಅರ್ಕಾವೊತ್ತು ಜಕಾರಕ್ಕೆ ಸೇರಬೇಕು. ಹುಡುಗ ಅದನ್ನು ಒಂದು ಅಕ್ಷರ ಮುಂಚೆ ತಕಾರಕ್ಕೆ ಹಾಕಿದ, ಓದಿದರೆ ‘ಅಂರ್‌-ತಜಲ’ ಆಯಿತು. ಅನುಮಾನ ಬಂದ ಪದವನ್ನು ಹೀಗೆ ಅಕ್ಷರಕ್ಕೊಂದು ತಡೆ ಕೊಟ್ಟು ಗಟ್ಟಿಯಾಗಿ ಓದಿಸಿದರೆ ಅವರೇ ನಗುತ್ತಾ ತಿದ್ದಿಕೊಳ್ಳುತ್ತಾರೆ.

ಎರಡು ರೂಪಗಳೂ ಬಳಕೆಯಲ್ಲಿರುವ ಪದಕ್ಕೆ ಕೆಂಪು ಹಚ್ಚಬಾರದು. ಸರಕಾರ, ಸರ್ಕಾರ ಎರಡೂ ನಡೆಯುತ್ತವೆ. ತತ್ವ ಮತ್ತು ತತ್ತ್ವ ಎರಡೂ ಅಚ್ಚಿನಲ್ಲಿವೆ. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ. ಪಂಡಿತರು ಅನಿಸಿಕೊಂಡ ಕೆಲವರು ಇಂಥ ಕಡೆಯೇ ಹೆಚ್ಚು ಶಾಯಿ ಖರ್ಚು ಮಾಡುತ್ತಾರೆ. ನಿಜವಾದ ತಪ್ಪು ಆ ಕೆಂಪಿನ ನಡುವೆ ಕಳೆದುಹೋಗುತ್ತದೆ.

ಮೂರು ಓದು ಮುಗಿದ ಮೇಲೆ ಅದೇ ಪ್ಯಾರಾವನ್ನು ಅವನಿಂದಲೇ ಮತ್ತೆ ಬರೆಸಿದೆ. ಬಂದದ್ದು ಇದು:

“ಬೆಂಗಳೂರಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು. ಅಭಿವೃದ್ಧಿಯ ಹೆಸರಿನಲ್ಲಿ ಈ ಸರಪಳಿ ತುಂಡಾಯಿತು. ನಗರದ ಮಧ್ಯದಲ್ಲಿದ್ದ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಸಾರ್ವಜನಿಕ ಕಟ್ಟಡಕ್ಕೇ ಕೆರೆಯಂಗಳ ಸಿಕ್ಕಮೇಲೆ ಖಾಸಗಿಯವರು ಹಿಂದೆ ಬೀಳಲಿಲ್ಲ. ಉಳಿದ ಕೆರೆಗಳ ಅಂಚನ್ನೂ ಕಾಲುವೆಗಳನ್ನೂ ಅವರು ನುಂಗಿ ನೀರು ಕುಡಿದರು.”

ಪರಿಣಾಮದ ಮಾತು ಮುಂದಿನ ಪ್ಯಾರಾಕ್ಕೆ ಹೋಯಿತು. ಗಾದೆ ಹೋಯಿತು, ಅದರ ಕೊರತೆ ಕಾಣಲಿಲ್ಲ. ಮಾಹಿತಿಯನ್ನೂ ಒಂದೆಡೆ ತಿದ್ದಿಕೊಂಡ. ಕೊಳಚೆಯ ಪ್ಯಾರಾದಲ್ಲಿ ‘ಬೆಳ್ಳಂದೂರು ಕೆರೆಯಲ್ಲಿ ಪ್ರತಿದಿನವೂ ಬೆಂಕಿ ಬೀಳುತ್ತದೆ’ ಎಂದು ಬರೆದಿದ್ದ. ಬೆಂಕಿ ಬಿದ್ದದ್ದು ನಿಜ. 2015ರಲ್ಲಿ, 2017ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ‘ಪ್ರತಿದಿನವೂ’ ಎಂಬ ಒಂದು ಪದ ಆ ನಿಜವನ್ನು ಸುಳ್ಳು ಮಾಡಿತ್ತು.

ಮನೆಯಲ್ಲಿ ಹೀಗೆ ನಿಧಾನವಾಗಿ ತಿದ್ದಬಹುದು, ಪರೀಕ್ಷೆಯ ಕೊಠಡಿಯಲ್ಲಿ ಆಗದು. ಮೂರು ಗಂಟೆಯಲ್ಲಿ ಪ್ರಬಂಧದ ಪಾಲಿಗೆ ಬರುವುದು ಸುಮಾರು ಒಂದು ಗಂಟೆ. ಅಲ್ಲಿ ಬರೆದ ಮೇಲೆ ರಚನೆಯನ್ನು ಬದಲಿಸಲು ಸಾಧ್ಯವಿಲ್ಲ. ಆದ್ದರಿಂದ ಅಂಚಿನ ಟಿಪ್ಪಣಿಯ ಕೆಲಸವನ್ನು ತಿರುಗುಮುರುಗು ಮಾಡಬೇಕು: ಮೊದಲ ಎಂಟು ಹತ್ತು ನಿಮಿಷದಲ್ಲಿ ಆ ನಾಲ್ಕೈದು ಪದದ ಸಾಲುಗಳನ್ನು ಕಚ್ಚಾ ಕೆಲಸಕ್ಕೆ ಬಿಟ್ಟ ಜಾಗದಲ್ಲಿ ಬರೆದುಕೊಂಡು, ಕಾರಣ–ಪರಿಹಾರಗಳಿಗೆ ಗೆರೆ ಎಳೆದು ನೋಡಿ, ಆಮೇಲೆ ಪ್ರಬಂಧ ಶುರು ಮಾಡಬೇಕು. ಕೊನೆಯ ಐದು ನಿಮಿಷಕ್ಕೆ ಉಳಿಯುವುದು ಕ್ರಿಯಾಪದಗಳ ವಚನ ಮತ್ತು ಕಾಗುಣಿತ ಮಾತ್ರ. ಕಾಗುಣಿತ ನೋಡುವಾಗ ಕೊನೆಯ ವಾಕ್ಯದಿಂದ ಮೇಲಕ್ಕೆ ಬನ್ನಿ. ಮೊದಲಿನಿಂದ ಓದಿದರೆ ಅರ್ಥದ ಓಟಕ್ಕೆ ಸಿಕ್ಕಿ ಕಣ್ಣು ಅಕ್ಷರ ನೋಡುವುದಿಲ್ಲ. ತಪ್ಪು ಸಿಕ್ಕರೆ ಒಂದೇ ಗೆರೆ ಹೊಡೆದು ಮೇಲೆ ಸರಿಯಾದದ್ದನ್ನು ಬರೆಯಿರಿ, ಬಿಟ್ಟುಹೋದ ಪದಕ್ಕೆ ಹಂಸಪಾದ ಹಾಕಿ. ಅಕ್ಷರದ ಮೇಲೆ ಅಕ್ಷರ ತಿದ್ದಿದರೆ ದಕಾರವೋ ಧಕಾರವೋ ಓದುವವರಿಗೆ ತಿಳಿಯುವುದಿಲ್ಲ.

ಇನ್ನೊಬ್ಬರ ಉತ್ತರ ತಿದ್ದಿಕೊಡುವವರಲ್ಲಿ ಒಂದು ಕೋರಿಕೆ. ‘ಎಷ್ಟು ಅಂಕ ಬರಬಹುದು?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಅಂಕ ಹೇಳಬೇಡಿ. ನೀವು ಅಂಚಿನಲ್ಲಿ ಬರೆದ ಎಂಟು ಸಾಲುಗಳನ್ನು ಅವರ ಕೈಗೆ ಕೊಟ್ಟು, ಇದೇ ನೀನು ಹೇಳಹೊರಟಿದ್ದೋ ಎಂದು ಕೇಳಿ.